ಸಿಗ್ನಲ್ ಇಲ್ಲದ ತೋಟದ ಮನೆಗೆ ಮೂರು ವಾರದ ನೆಟ್‌ಫ್ಲಿಕ್ಸ್: ಡೇಟಾ ಉಳಿಸುವುದು ಹೇಗೆ, ಫೋನಿನ ಜಾಗ ಉಳಿಸುವುದು ಹೇಗೆ

ನಮ್ಮ ಮನೆ ಇರುವುದು ಶಿವಮೊಗ್ಗದಲ್ಲಿ, ತೋಟ ಇರುವುದು ತೀರ್ಥಹಳ್ಳಿಯ ಆಚೆ. ಅಡಿಕೆ ಕೊಯ್ಲು ಶುರುವಾದರೆ ಅಪ್ಪ ಮೂರು ವಾರ ಅಲ್ಲೇ ಇರುತ್ತಾರೆ. ಹಗಲೆಲ್ಲ ಕೊನೆಗಾರರ ಹಿಂದೆ ಓಡಾಟ. ರಾತ್ರಿ ಸುಲಿಯುವವರೆಲ್ಲ ಹೊರಟ ಮೇಲೆ ಒಂದು ಎಪಿಸೋಡ್ ನೋಡಿ ಮಲಗುವುದು ಅವರ ಅಭ್ಯಾಸ. ಅಲ್ಲಿ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಅದೂ ಒಂದೆರಡು ಕಡ್ಡಿ. ಫೋನ್ 64 ಜಿಬಿಯದ್ದು, ಯಾವಾಗ ನೋಡಿದರೂ ತುಂಬಿರುತ್ತದೆ. ಪ್ಯಾಕ್ ದಿನಕ್ಕೆ 1.5 ಜಿಬಿ.

ಹಾಗಾಗಿ ಪ್ರತಿ ವರ್ಷ ಅವರು ಹೊರಡುವ ಎರಡು ದಿನ ಮೊದಲು ಆ ಫೋನನ್ನು ನಾನು ತಯಾರು ಮಾಡುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ನೆಟ್‌ಫ್ಲಿಕ್ಸ್ ಆ್ಯಪ್ ಇಟ್ಟುಕೊಂಡು ಈ ಕೆಲಸವನ್ನು ಮೊದಲಿಂದ ಕೊನೆವರೆಗೆ ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ಐಫೋನಿನಲ್ಲೂ ಹೆಚ್ಚು ಕಡಿಮೆ ಇದೇ ದಾರಿ, ಎಸ್‌ಡಿ ಕಾರ್ಡಿನ ಮಾತೊಂದನ್ನು ಬಿಟ್ಟು.

ಮೊದಲು ಲೆಕ್ಕ: ಡೌನ್‌ಲೋಡ್ ಮಾಡಿದ್ರೆ ಡೇಟಾ ಉಳಿಯುತ್ತಾ?

ಸುಮ್ನೆ ಡೌನ್‌ಲೋಡ್ ಮಾಡಿದರೆ ಉಳಿಯುವುದಿಲ್ಲ. ತುಂಬ ಜನ ಎಡವುವುದು ಇಲ್ಲೇ.

ನೆಟ್‌ಫ್ಲಿಕ್ಸ್ ಆ್ಯಪಿನಲ್ಲಿ ಮೊಬೈಲ್ ಡೇಟಾ ಬಳಸಿ ನೇರವಾಗಿ ನೋಡುವುದಕ್ಕೆ ಕೆಲವು ಆಯ್ಕೆಗಳಿವೆ. `Automatic` ಅಂತ ಬಿಟ್ಟರೆ ಒಂದು ಜಿಬಿಗೆ ಸುಮಾರು 4 ಗಂಟೆ ನೋಡಬಹುದು. `Save Data` ಇಟ್ಟರೆ ಸುಮಾರು 6 ಗಂಟೆ. `Maximum Data` ಇಟ್ಟರೆ ಫೋನ್ ಮತ್ತು ನೆಟ್‌ವರ್ಕ್ ಎಳೆದಷ್ಟು ಎಳೆಯುತ್ತದೆ, 20 ನಿಮಿಷಕ್ಕೇ ಒಂದು ಜಿಬಿ ಹೋದರೂ ಹೋಯಿತು.

ಈಗ ಡೌನ್‌ಲೋಡಿನ ಕಡೆ ನೋಡಿ. ಅಪ್ಪನ ಫೋನಿನಲ್ಲಿ 46 ನಿಮಿಷದ ಒಂದು ಎಪಿಸೋಡನ್ನು `Standard` ಗುಣಮಟ್ಟದಲ್ಲಿ ಇಳಿಸಿದೆ, 190 ಎಂಬಿ ಬಂತು. ಅಂದರೆ ಗಂಟೆಗೆ 250 ಎಂಬಿ ಹತ್ತಿರ. `Automatic`ನಲ್ಲಿ ನೇರವಾಗಿ ನೋಡಿದ್ದರೂ ಅಷ್ಟೇ ಖರ್ಚು. `Save Data` ಇಟ್ಟು ನೋಡಿದ್ದರೆ ಇನ್ನೂ ಕಡಿಮೆಯಲ್ಲೇ ಮುಗಿಯುತ್ತಿತ್ತು.

ಹಾಗಾದರೆ ಡೌನ್‌ಲೋಡಿನಿಂದ ಲಾಭ ಏನು? ಡೇಟಾ ಕಡಿಮೆ ಆಗುವುದಿಲ್ಲ, ಆದರೆ ಅದು ಬರುವ ಜಾಗ ಬದಲಾಗುತ್ತದೆ. ಮೊಬೈಲ್ ಪ್ಯಾಕಿನಿಂದ ಹೋಗಬೇಕಾದದ್ದು ಮನೆಯ ವೈಫೈನಿಂದ ಹೋಗುತ್ತದೆ. ಮೊಬೈಲ್ ಡೇಟಾದಲ್ಲೇ ಡೌನ್‌ಲೋಡ್ ಮಾಡಿ ಒಂದು ಸಲ ನೋಡಿ ಅಳಿಸಿದರೆ ಉಳಿತಾಯ ಸೊನ್ನೆ. ಮಕ್ಕಳು ಒಂದೇ ಕಾರ್ಟೂನನ್ನು ಹತ್ತು ಸಲ ನೋಡುತ್ತಾರಲ್ಲ, ಅಂಥ ಕಡೆ ಮಾತ್ರ ಮೊಬೈಲ್ ಡೇಟಾದ ಡೌನ್‌ಲೋಡೂ ಲಾಭವೇ. ಒಂದು ಸಲ ಇಳಿಸಿದ್ದನ್ನು ಹತ್ತು ಸಲ ನೋಡಿದರೂ ಮತ್ತೆ ಖರ್ಚಿಲ್ಲ.

ಹಂತ 1: ಆ್ಯಪಿನ ಸೆಟ್ಟಿಂಗ್ ಸರಿ ಮಾಡಿ

ಆ್ಯಪ್ ತೆರೆದು ಕೆಳಗೆ ಬಲಗಡೆ ಇರುವ `My Netflix` ಒತ್ತಿ. ಮೇಲೆ ಬಲಮೂಲೆಯಲ್ಲಿ ಮೂರು ಗೆರೆಯ ಮೆನು ಇದೆ, ಅದರೊಳಗೆ `App Settings`. ಆ್ಯಪ್ ಅಪ್‌ಡೇಟ್ ಆದಾಗ ಈ ಗುಂಡಿಗಳು ಒಂದಿಷ್ಟು ಆಚೀಚೆ ಆಗುತ್ತವೆ, ಆದರೆ `App Settings` ಅನ್ನುವ ಹೆಸರು ಹುಡುಕಿದರೆ ಸಿಗುತ್ತದೆ.

ಮೊದಲು `Mobile Data Usage`ಗೆ ಹೋಗಿ. ಮೊಬೈಲ್ ಡೇಟಾದಲ್ಲಿ ನೋಡುವುದೇ ಬೇಡ ಅಂತಿದ್ದರೆ `Wi-Fi Only` ಇಡಿ. ಅಪ್ಪನ ಫೋನಿನಲ್ಲಿ ನಾನು ಇಡುವುದು ಇದನ್ನೇ. ಇಲ್ಲದಿದ್ದರೆ ಅಂಗಳದ ಮೂಲೆಯಲ್ಲಿ ನಿಂತಾಗ ಕೈ ತಾಗಿ ಯಾವುದೋ ಟ್ರೇಲರ್ ಓಡಲು ಶುರುವಾಗುತ್ತದೆ.

ಈ ಸೆಟ್ಟಿಂಗ್ ನೇರವಾಗಿ ನೋಡುವುದಕ್ಕೆ ಮಾತ್ರ, ಡೌನ್‌ಲೋಡಿಗೆ ಅಲ್ಲ. ಡೌನ್‌ಲೋಡಿಗೆ ಅದೇ ಪುಟದ ಕೆಳಗೆ ಬೇರೆ ಭಾಗ ಇದೆ, ಅಲ್ಲೂ `Wi-Fi Only` ಅಂತ ಒಂದು ಸ್ವಿಚ್ ಇದೆ. ಎರಡಕ್ಕೂ ಹೆಸರು ಒಂದೇ, ಕೆಲಸ ಬೇರೆ ಬೇರೆ. ಒಂದನ್ನು ಆನ್ ಮಾಡಿ ಎರಡೂ ಆಯಿತು ಅಂದುಕೊಂಡು ನಾನೇ ಒಂದು ಸಲ ಇಡೀ ದಿನದ ಡೇಟಾ ಕಳೆದುಕೊಂಡಿದ್ದೇನೆ. ಎರಡನ್ನೂ ಆನ್ ಮಾಡಿ.

ಅಲ್ಲೇ `Smart Downloads` ಇದೆ. ಅದರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಒಂದು, ನೋಡಿ ಮುಗಿಸಿದ ಎಪಿಸೋಡನ್ನು ಅಳಿಸಿ ಮುಂದಿನದನ್ನು ತಾನೇ ಇಳಿಸುವುದು. ಮನೆಯಲ್ಲಿ ದಿನಾ ವೈಫೈ ಸಿಗುವವರಿಗೆ, ದಿನಾ ಬಸ್ಸಿನಲ್ಲಿ ಒಂದೊಂದು ಎಪಿಸೋಡ್ ನೋಡುವವರಿಗೆ ಇದು ತುಂಬ ಒಳ್ಳೆಯದು. ಫೋನಿನಲ್ಲಿ ಯಾವಾಗಲೂ ಒಂದೆರಡು ಎಪಿಸೋಡ್ ಮಾತ್ರ ಇರುತ್ತವೆ, ಜಾಗ ಬೆಳೆಯುವುದೇ ಇಲ್ಲ. ಎರಡನೆಯದು `Downloads for You`. ನಿಮಗೆ ಇಷ್ಟ ಆಗಬಹುದು ಅಂತ ಆ್ಯಪಿಗೆ ಅನ್ನಿಸಿದ್ದನ್ನು ಅದೇ ಇಳಿಸಿಡುತ್ತದೆ. 1, 3 ಅಥವಾ 5 ಜಿಬಿ ಅಂತ ಜಾಗ ಬಿಟ್ಟುಕೊಡಬೇಕು. ಜಾಗವೇ ಇಲ್ಲದ ಫೋನಿನಲ್ಲಿ ಕೇಳದೆ ಬಂದ ಸಿನಿಮಾಗಳಿಗೆ ಮೂರು ಜಿಬಿ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಆಫ್ ಮಾಡಿ.

ತೋಟದ ಮನೆಯಂಥ ಕಡೆಗೆ ಹೋಗುವಾಗ ಎರಡನ್ನೂ ಆಫ್ ಮಾಡುತ್ತೇನೆ. ಅದಕ್ಕೆ ಹಾಟ್‌ಸ್ಪಾಟ್ ಕಾರಣ. ಪಕ್ಕದವರ ಫೋನಿನ ಹಾಟ್‌ಸ್ಪಾಟಿಗೆ ಸೇರಿಕೊಂಡರೆ ನಿಮ್ಮ ಫೋನಿನ ಕಣ್ಣಿಗೆ ಅದೂ ವೈಫೈಯೇ. `Wi-Fi Only` ಆನ್ ಇದ್ದರೂ ಡೌನ್‌ಲೋಡ್ ಶುರುವಾಗಬಹುದು, ಆದರೆ ಖರ್ಚಾಗುವುದು ಅವರ ಮೊಬೈಲ್ ಡೇಟಾ. ಮದುವೆಮನೆಯಲ್ಲಿ ಭಾವನ ಹಾಟ್‌ಸ್ಪಾಟ್ ತಗೊಂಡು ಹೀಗೇ ಮಾಡಿದ್ದೆ. ಹತ್ತು ನಿಮಿಷಕ್ಕೆ ಅವರು ಬಂದು, "ಎಂತ ಮಾರಾಯ, ನನ್ನ ಡೇಟಾ ಎಲ್ಲ ಕುಡಿದ್ಯಾ?" ಅಂತ ಕೇಳಿದರು.

ಹಂತ 2: ಜಾಗ ಎಷ್ಟಿದೆ, ಎಷ್ಟು ಬೇಕು

ಅದೇ `App Settings` ಪುಟದಲ್ಲಿ ಒಂದು ಪಟ್ಟಿ ಕಾಣುತ್ತದೆ. ಫೋನಿನಲ್ಲಿ ಬಳಸಿದ್ದು ಎಷ್ಟು, ನೆಟ್‌ಫ್ಲಿಕ್ಸ್ ಹಿಡಿದಿರುವುದು ಎಷ್ಟು, ಖಾಲಿ ಎಷ್ಟು ಅಂತ ಬಣ್ಣಬಣ್ಣದಲ್ಲಿ ತೋರಿಸುತ್ತದೆ. ಈ ಸಲ ಅಪ್ಪನ ಫೋನಿನಲ್ಲಿ ಖಾಲಿ ಇದ್ದದ್ದು 3.1 ಜಿಬಿ.

ಹಾಗಾಗಿ ಮೊದಲು ವಾಟ್ಸಾಪಿಗೆ ಕೈಹಾಕಿದೆ. ವಾಟ್ಸಾಪಿನ ಸೆಟ್ಟಿಂಗಿನಲ್ಲಿ `Storage and data`, ಅದರೊಳಗೆ `Manage storage`. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳು ಒಂದು ಕಡೆ, ತುಂಬ ಸಲ ಫಾರ್ವರ್ಡ್ ಆಗಿ ಬಂದವು ಇನ್ನೊಂದು ಕಡೆ ಸಿಗುತ್ತವೆ. ಶುಭೋದಯದ ವಿಡಿಯೊಗಳು, ಯಾರದೋ ಗೃಹಪ್ರವೇಶದ ವಿಡಿಯೊ, ಒಂದೇ ಭಜನೆ ನಾಲ್ಕು ಗುಂಪಿನಿಂದ ನಾಲ್ಕು ಸಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿ ಅಳಿಸಿದೆವು. ಅರ್ಧ ಗಂಟೆಯಲ್ಲಿ ಖಾಲಿ ಜಾಗ 6.8 ಜಿಬಿಗೆ ಬಂತು.

ಆ 6.8 ಜಿಬಿಯನ್ನೂ ಪೂರ್ತಿ ತುಂಬಿಸಬೇಡಿ. ಕನಿಷ್ಠ 2 ಜಿಬಿ ಬಿಡಿ. ಫೋನ್ ತೀರಾ ತುಂಬಿದರೆ ಕ್ಯಾಮೆರಾ ಫೋಟೊ ತೆಗೆಯುವುದಿಲ್ಲ, ವಾಟ್ಸಾಪಿಗೆ ಬಂದ ಫೋಟೊ ಇಳಿಯುವುದಿಲ್ಲ, ಎಲ್ಲವೂ ನಿಧಾನ ಆಗುತ್ತದೆ. ತೋಟದಲ್ಲಿ ಅಡಿಕೆ ರಾಶಿಯ ಫೋಟೊ ವ್ಯಾಪಾರಿಗೆ ಕಳಿಸಬೇಕಾದಾಗ ಇದು ದೊಡ್ಡ ತಲೆನೋವು. ಹಾಗಾಗಿ ನಮಗೆ ಸಿಗುವುದು 4.8 ಜಿಬಿ.

ಈಗ ಗುಣಮಟ್ಟ ಆರಿಸಬೇಕು. `Download Video Quality` ಅಡಿಯಲ್ಲಿ ಎರಡೇ ಇವೆ: `Standard` ಮತ್ತು `High`. ಇಷ್ಟು ನಿಮಿಷಕ್ಕೆ ಇಷ್ಟೇ ಎಂಬಿ ಅಂತ ಯಾರು ಹೇಳಿದರೂ ನಂಬಬೇಡಿ, ಒಂದೊಂದು ಸರಣಿಗೆ ಒಂದೊಂದು ಥರ. ಕತ್ತಲೆ ದೃಶ್ಯ, ಮಾತುಕತೆ ಜಾಸ್ತಿ ಇದ್ದರೆ ಚಿಕ್ಕದಾಗಿ ಕೂರುತ್ತದೆ. ಓಟ, ಹೊಡೆದಾಟ, ಮಳೆ ಇದ್ದರೆ ದೊಡ್ಡದಾಗುತ್ತದೆ. ನೋಡಬೇಕಾದ ಸರಣಿಯ ಒಂದೇ ಎಪಿಸೋಡನ್ನು ಎರಡೂ ಬಗೆಯಲ್ಲಿ ಇಳಿಸಿ ನೋಡುವುದೇ ಸರಿಯಾದ ಅಳತೆ. `Downloads` ಪಟ್ಟಿಯಲ್ಲಿ ಎಪಿಸೋಡಿನ ಹೆಸರಿನ ಕೆಳಗೆ ಗಾತ್ರ ಬರೆದಿರುತ್ತದೆ.

ಅಪ್ಪನ ಸರಣಿಯಲ್ಲಿ ಅದೇ 46 ನಿಮಿಷದ ಎಪಿಸೋಡ್ `High`ನಲ್ಲಿ 430 ಎಂಬಿ ಬಂತು, ಎರಡು ಪಟ್ಟಿಗಿಂತ ಜಾಸ್ತಿ. ಎರಡನ್ನೂ ಅವರ ಕೈಗೆ ಕೊಟ್ಟು ಯಾವುದು ಚೆನ್ನಾಗಿದೆ ಅಂತ ಕೇಳಿದೆ. "ಎರಡೂ ಒಂದೇ ಅಲ್ವನೋ?" ಅಂದರು. ಆರಿಂಚಿನ ಪರದೆಯಲ್ಲಿ, ಒಂದೂವರೆ ಅಡಿ ದೂರದಿಂದ ನೋಡುವವರಿಗೆ ಅದು ನಿಜ. ಟ್ಯಾಬ್ಲೆಟ್ಟಿನಲ್ಲಿ ನೋಡುವುದಾದರೆ ಮಾತ್ರ `High` ಯೋಚಿಸಿ.

ಲೆಕ್ಕ ಹೀಗೆ ಬಂತು. 18 ಎಪಿಸೋಡ್, ಒಂದಕ್ಕೆ 190 ಎಂಬಿ ಅಂದರೆ ಸುಮಾರು 3.4 ಜಿಬಿ. ಎರಡೂ ಕಾಲು ಗಂಟೆಯ ಒಂದು ಸಿನಿಮಾ ಸುಮಾರು 560 ಎಂಬಿ. ಒಟ್ಟು 4 ಜಿಬಿ. 4.8ರ ಒಳಗೆ ಆರಾಮಾಗಿ ಕೂತಿತು. `High`ನಲ್ಲಿ ಮಾಡಿದ್ದರೆ ಎಪಿಸೋಡುಗಳಿಗೇ 7.7 ಜಿಬಿ ಬೇಕಿತ್ತು, ಆಗುತ್ತಲೇ ಇರಲಿಲ್ಲ. ಇಷ್ಟನ್ನೇ ತೋಟದಲ್ಲಿ ನೇರವಾಗಿ ನೋಡಿದ್ದರೆ ಹದಿನಾರು ಗಂಟೆ. `Automatic`ನಲ್ಲಿ ಅದೂ 4 ಜಿಬಿಯೇ, `Maximum Data`ದಲ್ಲಿ 48 ಜಿಬಿ.

ಎಸ್‌ಡಿ ಕಾರ್ಡ್ ಇದ್ದರೆ

ಫೋನಿನಲ್ಲಿ ಕಾರ್ಡ್ ಹಾಕುವ ಜಾಗ ಇದ್ದರೆ `Download Location` ಅಂತ ಒಂದು ಆಯ್ಕೆ ಕಾಣುತ್ತದೆ. ಡೌನ್‌ಲೋಡ್ ಶುರು ಮಾಡುವ ಮೊದಲೇ ಅದನ್ನು ಕಾರ್ಡಿಗೆ ಬದಲಿಸಿ. ಆಗ ಫೋನಿನ ಒಳಗಿನ ಜಾಗಕ್ಕೆ ಕೈಯೇ ತಾಗುವುದಿಲ್ಲ. ಒಂದು ಎಚ್ಚರ: ಆ ಕಾರ್ಡ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಅಲ್ಲಿ ಓಡುವುದಿಲ್ಲ. ಫೈಲುಗಳಿಗೆ ಬೀಗ ಹಾಕಿರುತ್ತದೆ, ಇಳಿಸಿದ ಫೋನಿನ ನೆಟ್‌ಫ್ಲಿಕ್ಸ್ ಆ್ಯಪ್ ಮಾತ್ರ ತೆರೆಯಬಲ್ಲದು. ಬೇರೆ ವಿಡಿಯೊ ಪ್ಲೇಯರಿನಲ್ಲೂ ಆಗುವುದಿಲ್ಲ. ಸಂತೆಯಲ್ಲಿ ಸಿಗುವ ಅಗ್ಗದ ನಕಲಿ ಕಾರ್ಡ್ ಆದರೆ ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತಿರುತ್ತದೆ. ಒಳಜಾಗಕ್ಕೆ ಇಳಿಸಿದರೆ ಸರಿಯಾಗಿ ಇಳಿಯುತ್ತದೆ, ಕಾರ್ಡಿಗೆ ಇಳಿಯುವುದಿಲ್ಲ ಅಂದರೆ ಅನುಮಾನ ಕಾರ್ಡಿನ ಮೇಲೆಯೇ.

ಹಂತ 3: ಇಳಿಸುವುದು

ಇಳಿಸುವ ಮೊದಲು ಭಾಷೆ ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ನೇರವಾಗಿ ನೋಡುವಾಗ ಒಂದು ಸರಣಿಗೆ ಹತ್ತಾರು ಭಾಷೆಯ ಧ್ವನಿ, ಸಬ್‌ಟೈಟಲ್ ಸಿಗಬಹುದು. ಡೌನ್‌ಲೋಡಿನಲ್ಲಿ ಎಲ್ಲ ಬರುವುದಿಲ್ಲ. ನಿಮಗೆ ಬೇಕಾಗಬಹುದು ಅಂತ ಆ್ಯಪಿಗೆ ಅನ್ನಿಸಿದ ಕೆಲವೇ ಭಾಷೆಗಳು ಬರುತ್ತವೆ. ಎಲ್ಲ ಭಾಷೆ ತುಂಬಿದರೆ ಫೈಲ್ ದೊಡ್ಡದಾಗುತ್ತದಲ್ಲ, ಅದಕ್ಕೆ. ಆದ್ದರಿಂದ ಮೊದಲು ವೈಫೈನಲ್ಲಿ ಒಂದು ನಿಮಿಷ ಆ ಎಪಿಸೋಡ್ ಓಡಿಸಿ, ಬೇಕಾದ ಧ್ವನಿ ಮತ್ತು ಸಬ್‌ಟೈಟಲ್ ಆರಿಸಿ, ಆಮೇಲೆ ಇಳಿಸಿ. ಬೇರೆ ಭಾಷೆಯೇ ಬಂದುಬಿಟ್ಟಿದ್ದರೆ ಅಳಿಸಿ ಹೀಗೇ ಮಾಡಿ ಮತ್ತೆ ಇಳಿಸಬೇಕು.

ಆಮೇಲೆ ಎಪಿಸೋಡಿನ ಪಕ್ಕದ ಕೆಳಮುಖ ಬಾಣ ಒತ್ತುತ್ತಾ ಹೋಗಿ. ಫೋನನ್ನು ಚಾರ್ಜಿಗೆ ಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ. ಕೆಲವು ಫೋನುಗಳು ಪರದೆ ಆರಿದ ಮೇಲೆ ಆ್ಯಪನ್ನೇ ಮಲಗಿಸುತ್ತವೆ, ಬೆಳಗ್ಗೆ ಎದ್ದು ನೋಡಿದರೆ ಎರಡು ಎಪಿಸೋಡ್ ಮಾತ್ರ ಇಳಿದಿರುತ್ತದೆ. ಪೂರ್ತಿ ಇಳಿದದ್ದಕ್ಕೆ ಪುಟ್ಟ ಫೋನಿನ ಗುರುತು ಬರುತ್ತದೆ. ಸುತ್ತುತ್ತಿರುವ ಗೆರೆ ಇದ್ದರೆ ಇನ್ನೂ ಮುಗಿದಿಲ್ಲ ಅಂತ.

ನಿಮ್ಮ ಪ್ಲಾನ್ ಯಾವುದು ಅನ್ನುವುದೂ ಮುಖ್ಯ. ಮೊಬೈಲ್ ಮತ್ತು ಬೇಸಿಕ್ ಪ್ಲಾನಿನಲ್ಲಿ ಒಂದೇ ಫೋನಿಗೆ ಡೌನ್‌ಲೋಡ್ ಮಾಡಬಹುದು, ಸ್ಟ್ಯಾಂಡರ್ಡಿನಲ್ಲಿ ಎರಡಕ್ಕೆ. ಮಗಳ ಫೋನಿನಲ್ಲಿ ಆಗಲೇ ಇಳಿಸಿದ್ದರೆ ಅಪ್ಪನ ಫೋನಿನಲ್ಲಿ ಆಗುವುದಿಲ್ಲ ಅಂತ ಬರಬಹುದು. ಆಗ ಅಲ್ಲಿನದನ್ನು ಅಳಿಸಬೇಕು.

ವೈಫೈ ಇಲ್ಲದವರಿಗೆ: ರಾತ್ರಿ ಹತ್ತೂವರೆಯ ಉಪಾಯ

ಮನೆಯಲ್ಲಿ ವೈಫೈ ಇಲ್ಲ, ಬರೀ ಮೊಬೈಲ್ ಪ್ಯಾಕ್. ಆಗಲೂ ಒಂದು ದಾರಿ ಇದೆ. ದಿನದ ಲೆಕ್ಕದ ಪ್ಯಾಕಿನಲ್ಲಿ ಉಳಿದ ಡೇಟಾ ಸಾಮಾನ್ಯವಾಗಿ ಮಧ್ಯರಾತ್ರಿ 12ಕ್ಕೆ ಹೋಗಿಬಿಡುತ್ತದೆ. 1.5 ಜಿಬಿಯಲ್ಲಿ ನೀವು 900 ಎಂಬಿ ಬಳಸಿದ್ದರೆ 600 ಎಂಬಿ ಸುಮ್ನೆ ದಂಡ. ರಾತ್ರಿ ಹತ್ತೂವರೆಗೆ ಸಿಮ್ ಕಂಪನಿಯ ಆ್ಯಪಿನಲ್ಲಿ ಬಾಕಿ ನೋಡಿ. ಡೌನ್‌ಲೋಡಿನ `Wi-Fi Only` ಆಫ್ ಮಾಡಿ, 190 ಎಂಬಿಯ ಎರಡು ಎಪಿಸೋಡ್ ಇಳಿಸಿ, ಮತ್ತೆ ಆನ್ ಮಾಡಿ. ನಾಳೆ ಬಸ್ಸಿಗೆ ಅಷ್ಟು ಸಾಕು.

ಬಾಕಿ ಇರುವುದಕ್ಕೆ ಸರಿಸಮ ಇಳಿಸಲು ಹೋಗಬೇಡಿ. ದಿನದ ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುವ ಪ್ಯಾಕುಗಳೇ ಜಾಸ್ತಿ. ಆ ವೇಗದಲ್ಲಿ 190 ಎಂಬಿ ಇಳಿಯಲು ಆರೂವರೆ ಗಂಟೆ ಬೇಕು. ಹನ್ನೊಂದೂ ಮುಕ್ಕಾಲಿಗೆ ಶುರು ಮಾಡಿದರೆ ಇನ್ನೊಂದು ತೊಂದರೆ, ಅರ್ಧ ಇಂದಿನ ಲೆಕ್ಕಕ್ಕೆ, ಅರ್ಧ ನಾಳೆಯ ಲೆಕ್ಕಕ್ಕೆ ಹೋಗುತ್ತದೆ.

ಹಂತ 4: ಹೊರಡುವ ಮೊದಲು ಪರೀಕ್ಷೆ

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆಫ್ ಇದೆಯಾ ನೋಡಿ, ಇಳಿಸಿದ ಒಂದು ಎಪಿಸೋಡ್ ಓಡಿಸಿ. ಧ್ವನಿ, ಸಬ್‌ಟೈಟಲ್ ಸರಿ ಇದೆಯಾ ನೋಡಿ.

ಆದರೆ ಎಲ್ಲವನ್ನೂ ಹೀಗೆ ತೆರೆದು ನೋಡಬೇಡಿ. ಡೌನ್‌ಲೋಡ್ ಮಾಡಿದ್ದಕ್ಕೆ ಅವಧಿ ಇರುತ್ತದೆ. ಎಲ್ಲದಕ್ಕೂ ಒಂದೇ ಅವಧಿ ಅಲ್ಲ, ಕೆಲವು ಮೊದಲ ಸಲ ಪ್ಲೇ ಒತ್ತಿದ 48 ಗಂಟೆಗೇ ಮುಗಿದುಹೋಗುತ್ತವೆ. ನೀವು ಪರೀಕ್ಷೆಗೆ ಅಂತ ಎರಡು ನಿಮಿಷ ಓಡಿಸಿದರೂ ಗಡಿಯಾರ ಶುರು. ಆದ್ದರಿಂದ ಅಪ್ಪ ಮೊದಲ ರಾತ್ರಿ ನೋಡುವ ಎಪಿಸೋಡನ್ನೇ ಪರೀಕ್ಷೆಗೆ ಬಳಸುತ್ತೇನೆ. ಸಿನಿಮಾವನ್ನು ಮುಟ್ಟುವುದಿಲ್ಲ.

`Downloads` ಪಟ್ಟಿಯಲ್ಲಿ ಏಳು ದಿನಕ್ಕಿಂತ ಕಡಿಮೆ ಅವಧಿ ಉಳಿದಿದ್ದರೆ ಅಲ್ಲೇ ಬರೆದಿರುತ್ತದೆ. ಅಂಥದ್ದು ಕಂಡರೆ ಅದನ್ನು ಮೊದಲು ನೋಡಲು ಹೇಳಿ. ಅವಧಿ ಮುಗಿದದ್ದರ ಪಕ್ಕ ಅಚ್ಚರಿಯ ಚಿಹ್ನೆ ಬರುತ್ತದೆ. ಇಂಟರ್ನೆಟ್ ಸಿಕ್ಕರೆ ಅದನ್ನು ಒತ್ತಿ ಮತ್ತೆ ಜೀವ ಕೊಡಬಹುದು, ಆದರೆ ಆ ಸಿನಿಮಾವನ್ನೇ ನೆಟ್‌ಫ್ಲಿಕ್ಸಿನಿಂದ ತೆಗೆದಿದ್ದರೆ ಆಗುವುದಿಲ್ಲ.

ಹಂತ 5: ಅಲ್ಲಿ ಹೋದ ಮೇಲೆ

ಅಪ್ಪನಿಗೆ ಹೇಳಿಕೊಟ್ಟಿರುವುದು ಒಂದೇ ಕೆಲಸ. ನೋಡಿ ಮುಗಿಸಿದ್ದನ್ನು ಅಲ್ಲೇ ಅಳಿಸುವುದು. `Downloads` ಪಟ್ಟಿಯ ಮೇಲಿನ ಪೆನ್ಸಿಲ್ ಗುರುತು ಒತ್ತಿ, ಎಪಿಸೋಡ್ ಆರಿಸಿ, ಡಿಲೀಟ್. ದಿನಕ್ಕೆ 190 ಎಂಬಿ ವಾಪಸ್ ಬರುತ್ತದೆ.

ಫೋನ್ ತುಂಬಿದೆ ಅಂತ ಬಂದರೂ ಫೋನಿನ ಸೆಟ್ಟಿಂಗಿಗೆ ಹೋಗಿ ನೆಟ್‌ಫ್ಲಿಕ್ಸಿನ `Clear data` ಅಥವಾ `Clear storage` ಒತ್ತಬಾರದು. ಒತ್ತಿದರೆ ಇಳಿಸಿದ್ದೆಲ್ಲ ಹೋಗುತ್ತದೆ. ಪಕ್ಕದಲ್ಲೇ ಇರುವ `Clear cache` ಒತ್ತಿದರೆ ಡೌನ್‌ಲೋಡ್ ಉಳಿಯುತ್ತದೆ, ಆದರೆ ಸಿಗುವ ಜಾಗ ತೀರಾ ಕಡಿಮೆ. ಆ್ಯಪ್ ತೆಗೆದು ಮತ್ತೆ ಹಾಕಿದರೂ ಎಲ್ಲ ಹೋದಂತೆಯೇ. ಹೋದ ವರ್ಷ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಅಪ್ಪ "ಫೋನ್ ನಿಧಾನ ಆಗಿದೆ, ನೋಡು" ಅಂತ ಕೊಟ್ಟರು. ಅಲ್ಲಿನ ಹುಡುಗ ಇರುವ ಆ್ಯಪುಗಳಿಗೆಲ್ಲ `Clear data` ಒತ್ತಿ ಕೊಟ್ಟ. ಫೋನ್ ಚುರುಕಾಯಿತು. ರಾತ್ರಿ ನೋಡಿದರೆ ಹನ್ನೊಂದು ಎಪಿಸೋಡೂ ಇಲ್ಲ. ಅಪ್ಪ ಅಂಗಳದ ಮೂಲೆಗೆ ಬಂದು ಫೋನ್ ಮಾಡಿ, "ಕಳ್ಳ ಯಾರು ಅಂತ ಗೊತ್ತಾಗೋ ಹೊತ್ತಿಗೆ ಅವನೇ ಮಾಯ ಆದ" ಅಂದರು.

ಉಳಿದ ಕತೆಯನ್ನು ನಾನು ಫೋನಿನಲ್ಲೇ ಹೇಳಿದೆ. ಈ ವರ್ಷ ಹೊರಡುವಾಗ ಅವರ ಮೊದಲ ಪ್ರಶ್ನೆ, "ಅದೆಂತದೋ ಒತ್ತಬಾರ್ದು ಅಂದ್ಯಲ್ಲ, ಅದ್ರ ಹೆಸ್ರು ಬರ್ಕೊಡು." ಅಡಿಕೆ ತೂಕದ ಚೀಟಿಯ ಹಿಂದೆ ಬರೆದು ಫೋನಿನ ಕವರಿನೊಳಗೆ ಇಟ್ಟೆ.